ತಟ್ಟೆಯ ಅಂಚಿನ ಪುಡಿ, ಹನಿ, ಕಲೆ: ಫೋಟೊದಲ್ಲಿ ಒರೆಸುವುದು ಹೇಗೆ?

ಕೋರಿ ರೊಟ್ಟಿಯ ಫೋಟೊ ತೆಗೆದವರಿಗೆ ಈ ಕಷ್ಟ ಗೊತ್ತು. ಒಣ ರೊಟ್ಟಿಯನ್ನು ಮುರಿದ ಕೂಡಲೇ ಪುಡಿ ಉದುರುತ್ತದೆ. ಗಸಿ ಹೊಯ್ಯುವಾಗ ಸೌಟಿನ ತುದಿಯಿಂದ ಒಂದು ಹನಿ ಅಂಚಿಗೆ ಬಿದ್ದೇ ಬೀಳುತ್ತದೆ. ಬಟ್ಟಲು ತಂದಿಟ್ಟವರ ಹೆಬ್ಬೆರಳು ಎಲ್ಲೋ ಒಂದು ಕಡೆ ಎಣ್ಣೆಯ ಗುರುತು ಬಿಟ್ಟಿರುತ್ತದೆ. ಊಟಕ್ಕೆ ಕೂತಾಗ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಫೋಟೊದಲ್ಲಿ ಮಾತ್ರ ಮೊದಲು ಕಾಣುವುದೇ ಅದು, ಯಾಕೆಂದರೆ ಬಿಳಿ ಅಂಚಿನ ಮೇಲೆ ಬೇರೆ ಏನೂ ಇರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಕುಂಬಳೆಯ ಹತ್ತಿರದ ಒಂದು ಸಣ್ಣ ಹೋಟೆಲಿಗೆ ಮೆನು ಫೋಟೊ ತೆಗೆದೆ. ಮಲಯಾಳ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಹೆಸರು ಬರೆದ ದೊಡ್ಡ ಬೋರ್ಡು ಅದು. ಮೊದಲ ಫೋಟೊ ತೋರಿಸಿದಾಗ ಹೋಟೆಲಿನ ಅಕ್ಕ ಕೇಳಿದ್ದು ಇಷ್ಟೇ: "ಅಣ್ಣ, ಈ ಕೆಂಪು ಹೋಗುವುದಿಲ್ವಾ? ಬಟ್ಟಲು ತೊಳೆಯಲಿಲ್ಲ ಅಂತ ಅಂದುಕೊಳ್ತಾರೆ." ಅದೇ ಫೋಟೊವನ್ನು ಉದಾಹರಣೆಯಾಗಿ ಇಟ್ಟುಕೊಂಡು, ಅಂಚನ್ನು ಹೇಗೆ ಶುಚಿ ಮಾಡಿದೆ ಅಂತ ಹಂತ ಹಂತವಾಗಿ ಹೇಳುತ್ತೇನೆ. ನಾನು ಬಳಸುವುದು ಗಿಂಪ್. ಅದು ಉಚಿತ, ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಫೋಟೊಶಾಪ್ ಇದ್ದವರೂ ಇದನ್ನೇ ಮಾಡಬಹುದು, ಬಟನ್ನುಗಳ ಹೆಸರು ಬೇರೆ ಅಷ್ಟೆ.

ಮೊದಲು ಫೋಟೊ ಹೇಗಿತ್ತು ಅಂತ ಹೇಳಬೇಕು. ಬಿಳಿ ಪಿಂಗಾಣಿ ತಟ್ಟೆ, ಎದುರಿನಿಂದ ಸುಮಾರು 45 ಡಿಗ್ರಿ ಓರೆಯಲ್ಲಿ ತೆಗೆದದ್ದು. ತಟ್ಟೆಯನ್ನು ಗಡಿಯಾರ ಅಂದುಕೊಳ್ಳಿ. ನಾನು 6 ಗಂಟೆಯ ಕಡೆ ನಿಂತಿದ್ದೆ, ಕಿಟಕಿ 10 ಗಂಟೆಯ ಕಡೆ ಇತ್ತು. ಕೊಳೆ ಮೂರು ಬಗೆಯದ್ದು. 6ರಿಂದ 8 ಗಂಟೆಯವರೆಗೆ ಅಂಚಿನ ಮೇಲೆ ಸುಮಾರು ಇಪ್ಪತ್ತು ರೊಟ್ಟಿ ಪುಡಿ. 5 ಗಂಟೆಯಲ್ಲಿ ಒಂದು ಗಸಿ ಹನಿ, ಅದು ಅಂಚು ದಾಟಿ ಮೇಜಿನ ಮರಕ್ಕೂ ಇಳಿದಿತ್ತು. 2 ಗಂಟೆಯಲ್ಲಿ ಹೆಬ್ಬೆರಳಿನ ಎಣ್ಣೆ ಗುರುತು, ಅದೂ ಕಿಟಕಿಯ ಬೆಳಕು ಗೆರೆಯಾಗಿ ಮಿನುಗುವ ಜಾಗದಲ್ಲೇ. ಈ ಮೂರಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ಆದರೆ ಮೂರಕ್ಕೂ ಒಂದು ನಿಯಮ ಇದೆ. ಕಲೆಯನ್ನು ಮುಚ್ಚಲು ಬೇರೆ ಕಡೆಯಿಂದ ಪಿಕ್ಸೆಲ್ ಸಾಲ ತರುವಾಗ ಅಂಚಿನ ಉದ್ದಕ್ಕೇ ತರಬೇಕು, ಅಡ್ಡಕ್ಕೆ ತರಬಾರದು. ತಟ್ಟೆಯ ಅಂಚು ಬರೀ ಬಿಳಿ ಪಟ್ಟಿ ಅಲ್ಲ. ಹೊರಗಿನ ತುದಿಯಲ್ಲಿ ಅದು ಸ್ವಲ್ಪ ಉರುಟಾಗಿ ಮಡಚಿರುತ್ತದೆ, ನಡುವೆ ಸಪಾಟಾಗಿರುತ್ತದೆ, ಒಳಗೆ ಗಸಿಯ ಕಡೆಗೆ ಇಳಿಯುತ್ತದೆ. ಈ ಮೂರು ಕಡೆ ಬೆಳಕು ಮೂರು ಥರ ಬೀಳುತ್ತದೆ. ಅಡ್ಡಕ್ಕೆ 1 ಸೆಂಟಿಮೀಟರ್ ಸರಿದರೆ ಬಿಳಿಯೇ ಬೇರೆ ಆಗಿಬಿಡುತ್ತದೆ. ಉದ್ದಕ್ಕೆ 3 ಸೆಂಟಿಮೀಟರ್ ಸರಿದರೂ ಬಿಳಿ ಹೆಚ್ಚುಕಡಿಮೆ ಅದೇ. ಹಾಗಾಗಿ ತುದಿಯಿಂದ ಕಲೆ ಎಷ್ಟು ದೂರ ಇದೆಯೋ, ಸಾಲ ತರುವ ಜಾಗವೂ ತುದಿಯಿಂದ ಅಷ್ಟೇ ದೂರ ಇರಬೇಕು.

ಮೊದಲು ಪುಡಿ

ಫೋಟೊ ತೆರೆದ ಕೂಡಲೇ `Layer > Duplicate Layer` ಮಾಡಿ, ಮೇಲಿನ ಪ್ರತಿಯಲ್ಲೇ ಕೆಲಸ ಮಾಡಿ. ಅಡಿಯ ಮೂಲ ಫೋಟೊ ಮುಟ್ಟಬೇಡಿ. ಮಧ್ಯೆ ಮಧ್ಯೆ ಮೇಲಿನದನ್ನು ಮರೆಮಾಡಿ ಹೋಲಿಸಿ ನೋಡಲು ಅದು ಬೇಕು.

ಈಗ ಅಂಚನ್ನು 100% ಗಾತ್ರದಲ್ಲಿ ನೋಡಿ. ಪ್ರತಿ ಪುಡಿಯ ಪಕ್ಕದಲ್ಲಿ ಅದರ ಸಣ್ಣ ನೆರಳು ಇರುತ್ತದೆ. ಕಿಟಕಿ 10 ಗಂಟೆಯ ಕಡೆ ಇದ್ದರೆ ನೆರಳು 4 ಗಂಟೆಯ ಕಡೆಗೆ ಬೀಳುತ್ತದೆ. ಹೊಸಬರು ಪುಡಿ ಅಳಿಸುತ್ತಾರೆ, ನೆರಳು ಬಿಡುತ್ತಾರೆ. ಆಮೇಲೆ ತಟ್ಟೆ ತುಂಬ ಬೂದು ಚುಕ್ಕೆ. ಏನೋ ಸರಿ ಇಲ್ಲ ಅಂತ ಅನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಆದ್ದರಿಂದ ಬ್ರಷ್ಷಿನ ಗಾತ್ರ ಪುಡಿ ಮತ್ತು ನೆರಳು ಎರಡನ್ನೂ ಸೇರಿಸಿ ಮುಚ್ಚುವಷ್ಟು ಇರಲಿ. ಅದಕ್ಕಿಂತ ಜಾಸ್ತಿ ಬೇಡ.

ಇದಕ್ಕೆ ಬೇಕಾದ್ದು `Heal`. ಕೀಬೋರ್ಡಿನಲ್ಲಿ `H` ಒತ್ತಿದರೆ ಬರುತ್ತದೆ. `Ctrl` ಒತ್ತಿ ಹಿಡಿದು ಪುಡಿಯ ಪಕ್ಕದ ಶುಚಿ ಜಾಗದ ಮೇಲೆ ಕ್ಲಿಕ್ ಮಾಡಿ. ಅದು ಅಂಚಿನ ಉದ್ದಕ್ಕೇ, ತುದಿಯಿಂದ ಅಷ್ಟೇ ದೂರದಲ್ಲಿ ಇರಲಿ. ಆಮೇಲೆ ಪುಡಿಯ ಮೇಲೆ ಒಂದು ಕ್ಲಿಕ್. ಎಳೆಯಬೇಡಿ. ಒಂದು ಪುಡಿಗೆ ಒಂದು ಕ್ಲಿಕ್. ಎಳೆದರೆ ಉದ್ದದ ಮಂಕು ಪಟ್ಟಿ ಬೀಳುತ್ತದೆ, ಅದು ಬಟ್ಟೆಯಲ್ಲಿ ಅರ್ಧ ಒರೆಸಿ ಬಿಟ್ಟ ಹಾಗೆ ಕಾಣುತ್ತದೆ. ಐದಾರು ಪುಡಿಗೊಮ್ಮೆ ಸಾಲದ ಜಾಗ ಬದಲಿಸಿ. ಇಲ್ಲದಿದ್ದರೆ ಒಂದೇ ಚುಕ್ಕೆ, ಒಂದೇ ಗೀರು ಸಾಲಾಗಿ ಮತ್ತೆ ಮತ್ತೆ ಕಾಣಿಸುತ್ತದೆ.

ಅಂಚಿನ ನಡುವೆ ಬಿದ್ದ ಪುಡಿ ಇಷ್ಟರಲ್ಲೇ ಮುಗಿಯುತ್ತದೆ. ತೊಂದರೆ ಕೊಡುವುದು ತುದಿಗೆ ತಾಗಿಕೊಂಡ ಪುಡಿ. ಅಲ್ಲಿ `Heal` ಕೈ ಕೊಡುತ್ತದೆ, ಯಾಕೆ ಅಂತ ತಿಳಿದಿರಬೇಕು. ಈ ಸಾಧನ ಸಾಲ ತಂದ ಜಾಗದ ನಯ, ಒರಟು ಮಾತ್ರ ತೆಗೆದುಕೊಳ್ಳುತ್ತದೆ. ಬಣ್ಣ ಮತ್ತು ಬೆಳಕನ್ನು ಮಾತ್ರ ಬ್ರಷ್ಷಿನ ಸುತ್ತಲಿನ ಪಿಕ್ಸೆಲ್ ನೋಡಿ ಹೊಂದಿಸುತ್ತದೆ. ಸುತ್ತ ಎಲ್ಲವೂ ಬಿಳಿ ಇದ್ದರೆ ಚೆನ್ನ. ಒಂದು ಬದಿಯಲ್ಲಿ ಕಪ್ಪು ಮೇಜು ಇದ್ದರೆ ಆ ಕಪ್ಪನ್ನೂ ಬಿಳಿಗೆ ಕಲಸಿಬಿಡುತ್ತದೆ. ಮಸಿ ಕೈಯಲ್ಲಿ ಒರೆಸಿದ ಹಾಗೆ ಒಂದು ಬೂದು ಮೋಡ ಉಳಿಯುತ್ತದೆ. ಒಳಬದಿಯಲ್ಲಿ ಗಸಿಗೆ ತಾಗಿದರೆ ಅದೇ ಮೋಡ ಗುಲಾಬಿ ಬಣ್ಣದ್ದು.

ನನಗೆ ಇದು ಅರ್ಥವಾದದ್ದು ತಡವಾಗಿ. ಹಿಂದೊಮ್ಮೆ ಒಂದು ಹೋಟೆಲಿಗೆ ಮಾಡಿದ ಫೋಟೊದಲ್ಲಿ ತುದಿಯ ಮೂರು ಪುಡಿಯನ್ನು ಹೀಗೆಯೇ ಅಳಿಸಿದ್ದೆ. ಮೊಬೈಲಿನಲ್ಲಿ ಚೆನ್ನಾಗಿಯೇ ಇತ್ತು. 8 ಅಡಿ ಅಗಲದ ಫ್ಲೆಕ್ಸ್ ಆಗಿ ರಸ್ತೆ ಬದಿಯಲ್ಲಿ ನಿಂತ ಮೇಲೆ ನೋಡಿದರೆ ತಟ್ಟೆಯ ತುದಿಯನ್ನು ಇಲಿ ಕಚ್ಚಿದ ಹಾಗಿತ್ತು. ಮೂರು ಕಡೆ. ತಿಂಗಳುಗಟ್ಟಲೆ ಅದೇ ದಾರಿಯಲ್ಲಿ ಹೋಗುವಾಗ ಬೇಸರವಾಗುತ್ತಿತ್ತು.

ತುದಿಗೆ ತಾಗಿದ ಪುಡಿಗೆ ಬೇಲಿ

ತುದಿಯ ಹತ್ತಿರ ಕೆಲಸ ಮಾಡುವ ಮೊದಲು ಬೇಲಿ ಹಾಕಬೇಕು. ಅಂದರೆ ತಟ್ಟೆಯ ಹೊರ ಗೆರೆಯನ್ನು ಆಯ್ಕೆ ಮಾಡಿ, ಬ್ರಷ್ ಅದರ ಆಚೆ ಹೋಗದ ಹಾಗೆ ತಡೆಯುವುದು. `Paths` ಸಾಧನ ತೆಗೆದುಕೊಳ್ಳಿ, ಕೀಲಿ `B`. ಪುಡಿ ಇರುವ ಭಾಗದಲ್ಲಿ ತಟ್ಟೆಯ ತುದಿಯ ಮೇಲೆ ನಾಲ್ಕೈದು ಬಿಂದು ಇಡಿ. ಪ್ರತಿ ಬಿಂದುವನ್ನು ಕ್ಲಿಕ್ ಮಾಡಿ ಸ್ವಲ್ಪ ಎಳೆದರೆ ಗೆರೆ ಬಾಗುತ್ತದೆ. ಬಿಂದು ಕಡಿಮೆ ಇದ್ದಷ್ಟು ಬಾಗು ಚಂದ. ಹತ್ತು ಹದಿನೈದು ಇಟ್ಟರೆ ತಟ್ಟೆ ಅಂಕುಡೊಂಕಾಗುತ್ತದೆ. ಪುಡಿ ಇರುವ ಜಾಗದಲ್ಲಿ ಬಿಂದು ಇಡಬೇಡಿ, ಅಲ್ಲಿ ನಿಜವಾದ ತುದಿ ಕಾಣುವುದೇ ಇಲ್ಲ. ಅದರ ಎರಡೂ ಬದಿಯಲ್ಲಿ ಇಟ್ಟು, ನಡುವಿನ ಬಾಗು ತಾನೇ ಕೂಡಿಕೊಳ್ಳಲಿ. ಆಮೇಲೆ ಗೆರೆಯನ್ನು ತಟ್ಟೆಯ ಒಳಗಿನಿಂದ ಸುತ್ತಿ ತಂದು ಮುಚ್ಚಿ, `Selection from Path` ಒತ್ತಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಫೋಟೊದಲ್ಲಿ ತಟ್ಟೆಯ ತುದಿ ಬ್ಲೇಡಿನಲ್ಲಿ ಕೊಯ್ದ ಹಾಗೆ ಇರುವುದಿಲ್ಲ. ಚೆನ್ನಾಗಿ ಫೋಕಸ್ ಆದ ಕಡೆಯೂ ಬಿಳಿಯಿಂದ ಮೇಜಿನ ಬಣ್ಣಕ್ಕೆ ತಿರುಗಲು ಎರಡು ಮೂರು ಪಿಕ್ಸೆಲ್ ಹಿಡಿಯುತ್ತದೆ. ಅದಕ್ಕೆ `Select > Feather` ನಲ್ಲಿ 2 ಅಥವಾ 3 ಕೊಡಿ. ಹಿಂಬದಿಯ ಅಂಚು ಫೋಕಸ್ ತಪ್ಪಿ ಮಂಜಾಗಿದ್ದರೆ ಅಲ್ಲಿ 10ರಿಂದ 15 ಬೇಕಾಗಬಹುದು. ಎಷ್ಟು ಅಂತ ಹೇಗೆ ಗೊತ್ತಾಗುತ್ತದೆ? ಪಕ್ಕದ ಶುಚಿ ತುದಿಯನ್ನು ದೊಡ್ಡದು ಮಾಡಿ ನೋಡಿ, ಬಣ್ಣ ತಿರುಗುವ ಪಿಕ್ಸೆಲ್ ಎಣಿಸಿ. ಇದು ತಪ್ಪಿದರೆ ತಟ್ಟೆಯ ಆ ಒಂದು ತುಂಡು ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ.

ಬೇಲಿ ಆದ ಮೇಲೆ `Heal` ಬದಲು `Clone` ಬಳಸಿ, ಕೀಲಿ `C`. ಇದು ಸುತ್ತಲಿನದನ್ನು ಕಲಸುವುದಿಲ್ಲ, ತಂದದ್ದನ್ನು ಹಾಗೆಯೇ ಇಡುತ್ತದೆ. ಮೆತ್ತನೆಯ ಬ್ರಷ್, ಉದ್ದಕ್ಕೇ ಸಾಲ. ಬಿಳಿಯ ಕಡೆ ಮುಗಿದ ಮೇಲೆ `Select > Invert` ಮಾಡಿ ಮೇಜಿನ ಕಡೆಗೆ ಬಿದ್ದ ಪುಡಿಯ ಚೂರನ್ನು ಅಳಿಸಿ. ಮೇಜಿನ ಮೇಲೆ ಬೇರೆ ಕಡೆ ಬಿದ್ದ ನಾಲ್ಕು ಪುಡಿಯನ್ನು ನಾನು ಬಿಟ್ಟುಬಿಡುತ್ತೇನೆ. ಕೋರಿ ರೊಟ್ಟಿಯ ಹತ್ತಿರ ಪುಡಿಯೇ ಇಲ್ಲ ಅಂದರೆ ಅದು ರೊಟ್ಟಿಯೇ ಅಲ್ಲ ಅನಿಸುತ್ತದೆ.

ಅಂಚು ದಾಟಿ ಇಳಿದ ಹನಿ

5 ಗಂಟೆಯ ಹನಿ ದೊಡ್ಡದು. ಒಳ ಇಳಿಜಾರು, ಸಪಾಟು, ಉರುಟು ತುದಿ ಮೂರನ್ನೂ ಮುಚ್ಚಿಕೊಂಡಿತ್ತು. ಇಂಥದ್ದನ್ನು ಬ್ರಷ್ಷಿನಲ್ಲಿ ತಿದ್ದುತ್ತಾ ಕೂತರೆ ಅರ್ಧ ಗಂಟೆ ಹೋಗುತ್ತದೆ, ತಟ್ಟೆಯ ಆಕಾರವೂ ಕೆಡುತ್ತದೆ. ಇಲ್ಲಿ ತೇಪೆ ಹಾಕುವುದೇ ಸರಿ.

ತೇಪೆ ಎಲ್ಲಿಂದ? ಮೇಲಿನಿಂದ ನೇರ ಕೆಳಗೆ ನೋಡಿ ತೆಗೆದ ಫೋಟೊ ಆದರೆ ತಟ್ಟೆ ಪೂರ್ತಿ ವೃತ್ತ. ಯಾವ ಕಡೆಯ ತುಂಡನ್ನಾದರೂ ತಿರುಗಿಸಿ ಕೂರಿಸಬಹುದು. ಓರೆಯಲ್ಲಿ ತೆಗೆದರೆ ತಟ್ಟೆ ಮೊಟ್ಟೆಯಾಕಾರ. ಅದರ ಬಾಗು ಪ್ರತಿ ಗಂಟೆಗೂ ಬೇರೆ, ಹತ್ತಿರದ ಅಂಚು ಅಗಲ, ದೂರದ್ದು ಕಿರಿದು. ತಿರುಗಿಸಿದ ತುಂಡು ಕೂರುವುದೇ ಇಲ್ಲ. ಆದರೆ ಎಡ ಮತ್ತು ಬಲ ಕನ್ನಡಿಯ ಹಾಗೆ ಒಂದಕ್ಕೊಂದು ಸರಿ ಇರುತ್ತವೆ. 5 ಗಂಟೆಗೆ ಬೇಕಾದ ತುಂಡು 7 ಗಂಟೆಯಲ್ಲಿದೆ. ಅದನ್ನು ಎಡಬಲ ಮಗುಚಿದರೆ ಸಾಕು. ತಟ್ಟೆ ಫೋಟೊದ ಒಂದು ಮೂಲೆಗೆ ಸರಿದಿದ್ದರೆ ಅಥವಾ ಕ್ಯಾಮೆರಾ ವಾಲಿದ್ದರೆ ಇದು ಕೂದಲೆಳೆಯಷ್ಟು ತಪ್ಪುತ್ತದೆ, ಒಂದೆರಡು ಡಿಗ್ರಿ ತಿರುಗಿಸಿ ಸರಿಮಾಡಬೇಕು.

ಮಾಡುವ ಕ್ರಮ ಹೀಗೆ. 7 ಗಂಟೆಯ ಪುಡಿ ಮೊದಲೇ ಅಳಿಸಿ ಆಗಿದೆ ಅಲ್ವಾ? ಈಗ `Free Select` ನಿಂದ ಅಲ್ಲಿ ಹನಿಗಿಂತ ಎರಡು ಪಟ್ಟು ಉದ್ದದ ತುಂಡನ್ನು ಸುತ್ತಿ. ಹೊರಗೆ ಸ್ವಲ್ಪ ಮೇಜು, ಒಳಗೆ ಸ್ವಲ್ಪ ಇಳಿಜಾರು ಬರಲಿ. ಕಾಪಿ, ಪೇಸ್ಟ್ ಮಾಡಿ ಅದು ಪ್ರತ್ಯೇಕ ಲೇಯರ್ ಆಗಿ ನಿಲ್ಲಲಿ. `Flip` ನಿಂದ ಎಡಬಲ ಮಗುಚಿ. ಲೇಯರಿನ `Opacity` ಯನ್ನು 50ಕ್ಕೆ ಇಳಿಸಿ ಹನಿಯ ಮೇಲೆ ತನ್ನಿ. ಅಡಿಯ ತುದಿ, ಮೇಲಿನ ತುದಿ ಎರಡೂ ಕಾಣುತ್ತವೆ. ಎರಡೂ ಒಂದೇ ಗೆರೆಯಾಗುವವರೆಗೆ ಬಾಣದ ಕೀಲಿಯಿಂದ ಸರಿಸಿ. ಒಂದು ಕೊನೆ ಕೂತು ಇನ್ನೊಂದು ಎದ್ದರೆ `Rotate` ಬೇಕು ಅಂತ ಅರ್ಥ. ಕೂತ ಮೇಲೆ `Opacity` ಮತ್ತೆ 100.

ಈಗ ತೇಪೆಯ ಬಣ್ಣ ಹೊಂದುವುದಿಲ್ಲ. ನನ್ನ ಫೋಟೊದಲ್ಲಿ ಅದು ಸುತ್ತಲಿಗಿಂತ ಮಂಕಾಗಿತ್ತು. ಕಿಟಕಿಗೆ ಹತ್ತಿರ ಇರುವ ಎಡಬದಿಯೇ ಹೆಚ್ಚು ಬೆಳಗಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ತಟ್ಟೆಯ ಅಂಚು ಒಳಗೆ ಇಳಿಜಾರು. ಹಾಗಾಗಿ ಕಿಟಕಿಗೆ ಮುಖ ಮಾಡಿರುವುದು ಎದುರು ಬದಿ, ಅಂದರೆ ಬಲಗಡೆಯ ಅಂಚು. ಎಡಗಡೆಯದ್ದು ಕಿಟಕಿಗೆ ಬೆನ್ನು ಹಾಕಿರುತ್ತದೆ. `Colors > Curves` ತೆರೆದು ನಡುವಿನ ಭಾಗವನ್ನು ಸ್ವಲ್ಪ ಸ್ವಲ್ಪ ಮೇಲೆತ್ತಿ. ತೇಪೆಯ ಗಡಿ ಕಾಣದಾದಾಗ ನಿಲ್ಲಿಸಿ. ಮಳೆಗಾಲದ ಮೋಡದ ಬೆಳಕು ಮೆತ್ತಗೆ ಹರಡಿರುತ್ತದೆ, ಆಗ ಇದು ಬೇಗ ಹೊಂದುತ್ತದೆ. ಬಿಸಿಲು ನೇರ ಬಿದ್ದ ಫೋಟೊದಲ್ಲಿ ನೆರಳೂ ಮಗುಚಿಕೊಳ್ಳುತ್ತದೆ. ಅಂಥದ್ದಕ್ಕೆ ಈ ಉಪಾಯ ಬೇಡ, ಪಕ್ಕದ 4 ಗಂಟೆಯ ಕಡೆಯಿಂದಲೇ ಸಣ್ಣ ತುಂಡು ತನ್ನಿ.

ಕೊನೆಗೆ ತೇಪೆಗೆ `Add Layer Mask` ಹಾಕಿ, ಬಿಳಿ ಆಯ್ದುಕೊಳ್ಳಿ. ಕಪ್ಪು ಬಣ್ಣದ ಮೆತ್ತನೆಯ ಬ್ರಷ್ಷಿನಿಂದ ತೇಪೆಯ ಹೊರಗಿನ ಮೇಜನ್ನು ಮರೆಮಾಡಿ. ಮಗುಚಿದ ಮರದ ಗೆರೆ ಎಲ್ಲೂ ಹೊಂದುವುದಿಲ್ಲ. ಎರಡು ಕೊನೆಗಳನ್ನೂ ಹಾಗೆಯೇ ಕರಗಿಸಿ. ಈಗ ಅಂಚಿನ ಹನಿ ಹೋಯಿತು, ಮೇಜಿನ ಮೇಲಿನದು ಉಳಿಯಿತು. ಅದನ್ನು ಅಡಿಯ ಲೇಯರಿನಲ್ಲಿ `Clone` ನಿಂದ ಮರದ ಗೆರೆಯ ಉದ್ದಕ್ಕೆ ಅಳಿಸಿ. ತಟ್ಟೆಯ ಅಡಿಯ ನೆರಳಿನ ಪಟ್ಟಿಯನ್ನು ಮಾತ್ರ ಬೇರೆಯಾಗಿ, ನೆರಳಿನಿಂದಲೇ ಸಾಲ ತಂದು ತುಂಬಿ. ಅದು ಹರಿದರೆ ತಟ್ಟೆ ಗಾಳಿಯಲ್ಲಿ ತೇಲುತ್ತದೆ.

ಮಿನುಗಿನ ಮೇಲೆ ಹೆಬ್ಬೆರಳು

2 ಗಂಟೆಯ ಕಲೆಗೆ ಬಣ್ಣ ಇರಲಿಲ್ಲ. ಕಿಟಕಿಯ ಬೆಳಕು ಅಂಚಿನ ಮೇಲೆ ಒಂದು ಉದ್ದ ಗೆರೆಯಾಗಿ ಮಿನುಗುತ್ತದೆ, ಎಣ್ಣೆ ತಾಗಿದಲ್ಲಿ ಆ ಗೆರೆ ಒಡೆದು ಮಸುಕಾಗಿತ್ತು ಅಷ್ಟೆ. ಪೂರ್ತಿ ಗೆರೆಯನ್ನೇ ಅಳಿಸಿಬಿಡುವ ಆಸೆ ಆಗುತ್ತದೆ. ಹಾಗೆ ಮಾಡಿದರೆ ಪಿಂಗಾಣಿ ಹೋಗಿ ಥರ್ಮೊಕೋಲ್ ತಟ್ಟೆಯಾಗುತ್ತದೆ. ಒಡೆದ ಗೆರೆಯನ್ನು ಜೋಡಿಸಬೇಕು.

`Clone` ತೆಗೆದುಕೊಳ್ಳಿ. ಬ್ರಷ್ ಮಿನುಗಿನ ಅಗಲಕ್ಕಿಂತ ಸ್ವಲ್ಪ ದೊಡ್ಡದು, ಪೂರ್ತಿ ಮೆತ್ತನೆ, `Opacity` 40. ಮಿನುಗು ಒಂದು ಕೊನೆಯಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಇರುತ್ತದೆ. ಆದ್ದರಿಂದ ಒಂದೇ ಬದಿಯಿಂದ ಎಳೆದುಕೊಂಡು ಹೋದರೆ ಕೊನೆಯಲ್ಲಿ ಮೆಟ್ಟಿಲು ಬೀಳುತ್ತದೆ. ಮೇಲಿನ ಬದಿಯಿಂದ ಅರ್ಧ ಬನ್ನಿ, ಕೆಳಗಿನ ಬದಿಯಿಂದ ಅರ್ಧ ಬನ್ನಿ, ನಡುವೆ ಎರಡನ್ನೂ ಸೇರಿಸಿ. ಬಾಗಿದ ಅಂಚಾದ್ದರಿಂದ ಒಂದು ಸಲಕ್ಕೆ ದೂರ ಹೋಗಬೇಡಿ. ಬ್ರಷ್ಷಿನ ಎರಡು ಅಗಲದಷ್ಟು ಹೋಗಿ, ಮತ್ತೆ `Ctrl` ಒತ್ತಿ ಹೊಸ ಜಾಗದಿಂದ ಸಾಲ ತೆಗೆದುಕೊಳ್ಳಿ.

ಕಲೆ ಅಲ್ಲದ್ದನ್ನು ಕಲೆ ಅಂತ ಅಳಿಸುವ ತಪ್ಪೂ ಇದೆ. ಬ್ಯಾಡಗಿ ಮೆಣಸಿನ ಕೆಂಪು ಗಸಿ ತುಂಬಿದ ತಟ್ಟೆಯ ಒಳ ಇಳಿಜಾರಿನಲ್ಲಿ ತಿಳಿ ಕೆಂಪು ಛಾಯೆ ಇರುತ್ತದೆ. ಅದು ಗಸಿಯಿಂದ ಪುಟಿದ ಬೆಳಕು, ಕೊಳೆ ಅಲ್ಲ. ಗುರುತು ಹಿಡಿಯುವುದು ಸುಲಭ: ಛಾಯೆಗೆ ಗಡಿ ಇರುವುದಿಲ್ಲ, ಗಸಿಯಿಂದ ದೂರ ಹೋದಂತೆ ಕರಗುತ್ತದೆ. ಕಲೆಗೆ ಒಂದು ಗೆರೆ ಇದ್ದೇ ಇರುತ್ತದೆ. ಛಾಯೆ ಬಿಡಿ, ಕಲೆ ತೆಗೆಯಿರಿ.

ಕಣ್ಣಿಗೆ ಕಾಣದ್ದನ್ನು ಹಿಡಿಯುವುದು

ಒಂದು ಗಂಟೆ ಒಂದೇ ತಟ್ಟೆ ನೋಡಿದ ಮೇಲೆ ಕಣ್ಣು ಸೋತಿರುತ್ತದೆ. ಎಲ್ಲ ಬಿಳಿಯಾಗಿಯೇ ಕಾಣುತ್ತದೆ. ಆಗ `Layer > New from Visible` ಮಾಡಿ ಎಲ್ಲಕ್ಕೂ ಮೇಲೆ ಒಂದು ಪರೀಕ್ಷೆಯ ಲೇಯರ್ ತನ್ನಿ. ಅದರಲ್ಲಿ `Colors > Hue-Saturation` ತೆರೆದು ಬಣ್ಣದ ತೀವ್ರತೆಯನ್ನು ತುತ್ತತುದಿಗೆ ಏರಿಸಿ. ನನ್ನ ಫೋಟೊದಲ್ಲಿ ಹನಿ ಇದ್ದ ಜಾಗದ ಸುತ್ತ ಒಂದು ಕಿತ್ತಳೆ ಬಳೆ ಎದ್ದು ಕಂಡಿತು. ತೇಪೆಯ ಕೊನೆಯನ್ನು ನಾನು ಹನಿಗೆ ತೀರಾ ಹತ್ತಿರ ಕರಗಿಸಿದ್ದೆ. ಜೆಪೆಗ್ ಫೋಟೊದಲ್ಲಿ ಬೆಳಕಿನಷ್ಟು ನಿಖರವಾಗಿ ಬಣ್ಣ ಉಳಿಯುವುದಿಲ್ಲ, ಕೆಂಪು ಅಕ್ಕಪಕ್ಕದ ಬಿಳಿಗೂ ಸ್ವಲ್ಪ ಸೋರಿರುತ್ತದೆ. ಹಾಗಾಗಿ ಕಲೆಗಿಂತ ನಾಲ್ಕೈದು ಪಿಕ್ಸೆಲ್ ಆಚೆಯವರೆಗೂ ಒರೆಸಬೇಕು.

ಆ ಬಣ್ಣದ ಪರೀಕ್ಷೆ ಆದ ಮೇಲೆ ಇನ್ನೊಂದು. `Curves` ನಲ್ಲಿ ನಡುಭಾಗವನ್ನು ಜೋರಾಗಿ ಕೆಳಗೆ ಎಳೆಯಿರಿ. ಬಿಳಿ ಅಂಚು ಬೂದಾಗುತ್ತದೆ, ಮರೆತ ನೆರಳು, ಬ್ರಷ್ಷಿನ ಮಂಕು ವೃತ್ತ ಎಲ್ಲ ಹೊರಬೀಳುತ್ತವೆ. ಅವುಗಳನ್ನು ಗುರುತಿಟ್ಟುಕೊಂಡು ಪರೀಕ್ಷೆಯ ಲೇಯರ್ ಅಳಿಸಿ, ಕೆಳಗೆ ಸರಿಮಾಡಿ. ಮೋಡದ ದಿನ ಹೆಚ್ಚು ಐಎಸ್ಒ ಇಟ್ಟು ತೆಗೆದ ಫೋಟೊದಲ್ಲಿ ಕಾಳುಕಾಳು ಇರುತ್ತದೆ. ತಿದ್ದಿದ ಜಾಗ ಮಾತ್ರ ಸಾರಣೆ ಮಾಡಿದ ಗೋಡೆಯ ಹಾಗೆ ನುಣ್ಣಗೆ ಕಂಡರೆ ಬ್ರಷ್ ತೀರಾ ಮೆತ್ತಗಾಯಿತು ಅಂತ ಅರ್ಥ. ಅಲ್ಲಿ ಗಟ್ಟಿ ಬ್ರಷ್ಷಿನಲ್ಲಿ ಇನ್ನೊಮ್ಮೆ `Clone` ಮಾಡಿ.

ಮೊಬೈಲಿನಲ್ಲೇ ಕೆಲಸ ಮಾಡುವವರಿಗೆ: ಸ್ನಾಪ್‌ಸೀಡ್‌ನ `Healing` ಅಂಚಿನ ನಡುವಿನ ಪುಡಿಗೆ ಸಾಕು. ಚೆನ್ನಾಗಿ ದೊಡ್ಡದು ಮಾಡಿಕೊಂಡು ಒಂದೊಂದನ್ನೇ ಮುಟ್ಟಿ. ತುದಿಗೆ ತಾಗಿದ್ದು, ಮಿನುಗಿಗೆ ತಾಗಿದ್ದು ಅದರಲ್ಲಿ ಮಾಡಬೇಡಿ. ಸಾಲ ಎಲ್ಲಿಂದ ತರಬೇಕು ಅಂತ ಹೇಳಲು ಅಲ್ಲಿ ಆಗುವುದಿಲ್ಲ.

ಸ್ಟೀಲ್ ಬಟ್ಟಲಿಗೆ ಮೇಲಿನ ಯಾವುದೂ ಪೂರ್ತಿ ಹೊಂದುವುದಿಲ್ಲ. ಅದರ ಅಂಚು ಕನ್ನಡಿ. ಪ್ರತಿ ಅಂಗುಲದಲ್ಲೂ ಬೇರೆ ಪ್ರತಿಬಿಂಬ, ಉದ್ದಕ್ಕೂ ಸಾಲ ಸಿಗುವುದಿಲ್ಲ. ಅಲ್ಲಿ ನಾನು ತೆಗೆಯುವಾಗಲೇ ಎಚ್ಚರ ವಹಿಸುತ್ತೇನೆ. ಕ್ಯಾಮೆರಾವನ್ನು ಸ್ಟ್ಯಾಂಡಿನಲ್ಲಿ ಕಟ್ಟಿ, ತೊಳೆದು ಒರೆಸಿದ ಖಾಲಿ ಬಟ್ಟಲಿನ ಒಂದು ಫೋಟೊ ಮೊದಲು. ಬಟ್ಟಲು ಅಲುಗದ ಹಾಗೆ ಬಡಿಸಿ, ಆಮೇಲೆ ಊಟದ ಫೋಟೊ. ಎರಡನ್ನೂ ಲೇಯರ್ ಮಾಡಿ, ಖಾಲಿ ಬಟ್ಟಲಿನದನ್ನು ಮೇಲೆ ಇಟ್ಟು, ಕಪ್ಪು ಮಾಸ್ಕ್ ಹಾಕಿ, ಕಲೆ ಇರುವಲ್ಲಿ ಮಾತ್ರ ಬಿಳಿ ಬ್ರಷ್ ಆಡಿಸಿದರೆ ನಿಜವಾದ ಅಂಚೇ ಹೊರಬರುತ್ತದೆ. ಹೊರ ತುದಿಯವರೆಗೆ ಇದು ಚೆನ್ನಾಗಿ ಕೂರುತ್ತದೆ. ಒಳಗೆ ಗಸಿಯ ಪ್ರತಿಬಿಂಬ ಬೀಳುವ ಜಾಗಕ್ಕೆ ಮಾತ್ರ ಹೋಗಬೇಡಿ. ಖಾಲಿ ಬಟ್ಟಲಿನಲ್ಲಿ ಗಸಿ ಇರಲಿಲ್ಲ, ಅಲ್ಲಿ ಒಂದು ಬೆಳ್ಳಿ ತೂತು ಬಿದ್ದ ಹಾಗೆ ಕಾಣುತ್ತದೆ. ಅಷ್ಟು ಒಳಗಿನ ಹನಿಯನ್ನು ಒದ್ದೆ ಮಾಡಿ ಹಿಂಡಿದ ಇಯರ್ ಬಡ್ಡಿನಿಂದ ಆಗಲೇ ಒರೆಸಿ, ಇನ್ನೊಂದು ಫೋಟೊ ತೆಗೆಯಿರಿ.